ಒಂದೇ ಊರು, ಒಂದೇ ವ್ಯಾಪಾರ, ಎರಡು ಬಗೆಯ ದುಡ್ಡು

2023ರಲ್ಲಿ ಷೇರು ಬ್ರೋಕರ್‌ಗಳ ಪಟ್ಟಿಯ ತುದಿಯಲ್ಲಿ ಹೆಸರು ಬದಲಾಯಿತು. ಎನ್‌ಎಸ್‌ಇಯಲ್ಲಿ ಸಕ್ರಿಯವಾಗಿ ವಹಿವಾಟು ನಡೆಸುವ ಗ್ರಾಹಕರ ಲೆಕ್ಕದಲ್ಲಿ ಕೆಲವು ವರ್ಷಗಳಿಂದ ಮೊದಲ ಸ್ಥಾನದಲ್ಲಿದ್ದ ಝೆರೋಧಾವನ್ನು ಗ್ರೋ ಹಿಂದಿಕ್ಕಿತು. ಎರಡೂ ಬೆಂಗಳೂರಿನ ಕಂಪನಿಗಳೇ. ಇಬ್ಬರ ವ್ಯಾಪಾರವೂ ಒಂದೇ: ಮೊಬೈಲ್‌ನಲ್ಲಿ ಷೇರು, ಮ್ಯೂಚುವಲ್ ಫಂಡ್ ಕೊಳ್ಳಲು, ಮಾರಲು ಅನುವು ಮಾಡಿಕೊಡುವುದು. ವ್ಯತ್ಯಾಸವಿದ್ದದ್ದು ದುಡ್ಡಿನ ಮೂಲದಲ್ಲಿ. ಝೆರೋಧಾ ಹೊರಗಿನ ಹೂಡಿಕೆದಾರರಿಂದ ಒಂದು ರೂಪಾಯಿಯನ್ನೂ ಪಡೆಯದೆ ಬೆಳೆದದ್ದು. ಗ್ರೋ ಬೆಳೆದದ್ದು ವೆಂಚರ್ ಕ್ಯಾಪಿಟಲ್ ಬಲದಿಂದ. ವೈ ಕಾಂಬಿನೇಟರ್, ಆಗ ಸಿಕೋಯಾ ಇಂಡಿಯಾ ಎನ್ನುತ್ತಿದ್ದ ಪೀಕ್ ಎಕ್ಸ್‌ವಿ, ರಿಬ್ಬಿಟ್, ಟೈಗರ್ ಗ್ಲೋಬಲ್ ಹೀಗೆ ಹಲವರ ಹಣ ಅದರಲ್ಲಿತ್ತು.

ಹಾಗಾದರೆ ಗೆದ್ದವರು ಯಾರು? 2023-24ರ ಲಾಭ-ನಷ್ಟದ ಪಟ್ಟಿ ಬೇರೆಯೇ ಉತ್ತರ ಕೊಡುತ್ತದೆ. ಆ ವರ್ಷ ಝೆರೋಧಾ ಸುಮಾರು 8,320 ಕೋಟಿ ರೂಪಾಯಿ ಆದಾಯದ ಮೇಲೆ 4,700 ಕೋಟಿ ಲಾಭ ತೋರಿಸಿತು. ಗ್ರೋ ತೋರಿಸಿದ್ದು 805 ಕೋಟಿ ನಷ್ಟ. ಆ ನಷ್ಟಕ್ಕೆ ವಿಚಿತ್ರವಾದ ಕಾರಣವೊಂದಿತ್ತು, ಅದು ಮುಂದೆ ಬರುತ್ತದೆ. ಸದ್ಯಕ್ಕೆ ಇಷ್ಟು ಸಾಕು: ಒಂದೇ ವ್ಯಾಪಾರವನ್ನು ಎರಡು ಬಗೆಯ ದುಡ್ಡಿನಲ್ಲಿ ಕಟ್ಟಿದಾಗ ಏನೇನು ಬದಲಾಗುತ್ತದೆ ಎಂದು ನೋಡಲು ಇದಕ್ಕಿಂತ ಅಚ್ಚುಕಟ್ಟಾದ ಜೋಡಿ ಸಿಗುವುದು ಕಷ್ಟ.

ಮೊದಲ ದಿನದಿಂದಲೇ ಗಲ್ಲಾಪೆಟ್ಟಿಗೆ

ನಿತಿನ್ ಕಾಮತ್ ಝೆರೋಧಾ ಶುರು ಮಾಡಿದ್ದು 2010ರ ಆಗಸ್ಟ್ 15ರಂದು. ಅದಕ್ಕೂ ಮೊದಲು ಹತ್ತು ವರ್ಷಕ್ಕೂ ಹೆಚ್ಚು ಕಾಲ ಅವರು ಸ್ವತಃ ಷೇರು ವಹಿವಾಟು ನಡೆಸಿದ್ದರು, ಬೇರೆ ಬ್ರೋಕರ್ ಕಂಪನಿಯ ಸಬ್‌ಬ್ರೋಕರ್ ಆಗಿಯೂ ದುಡಿದಿದ್ದರು. ಆಗಿನ ಬ್ರೋಕರ್‌ಗಳು ವಹಿವಾಟಿನ ಮೊತ್ತದ ಮೇಲೆ ಶೇಕಡಾವಾರು ದಲ್ಲಾಳಿ ಶುಲ್ಕ ಪಡೆಯುತ್ತಿದ್ದರು. ಒಂದು ಲಕ್ಷದ ವ್ಯವಹಾರಕ್ಕೆ ಎಷ್ಟೋ, ಹತ್ತು ಲಕ್ಷಕ್ಕೆ ಅದರ ಹತ್ತು ಪಟ್ಟು. ಕಂಪ್ಯೂಟರಿಗೆ ಎರಡೂ ಒಂದೇ ಕೆಲಸ. ಝೆರೋಧಾ ಮೊತ್ತ ಎಷ್ಟೇ ಇರಲಿ, ಒಂದು ಆರ್ಡರಿಗೆ ಹೆಚ್ಚೆಂದರೆ 20 ರೂಪಾಯಿ ಎಂದಿತು. ಹೆಚ್ಚು ವಹಿವಾಟು ನಡೆಸುವವರಿಗೆ ಉಳಿತಾಯ ಕಣ್ಣಿಗೆ ರಾಚುವಂತಿತ್ತು. ಅವರು ತಾವಾಗಿಯೇ ಬಂದರು, ಇನ್ನೊಬ್ಬರಿಗೂ ಹೇಳಿದರು.

ಸ್ವಂತ ಬಂಡವಾಳದಲ್ಲಿ ಬೆಳೆಯುವುದಕ್ಕೆ, ಅಂದರೆ ಉದ್ಯಮದ ಮಂದಿ ಬೂಟ್‌ಸ್ಟ್ರ್ಯಾಪಿಂಗ್ ಎನ್ನುವುದಕ್ಕೆ, ಬ್ರೋಕರ್ ವ್ಯಾಪಾರ ಒಗ್ಗುವುದಕ್ಕೆ ಕಾರಣ ಇಲ್ಲಿದೆ. ಗ್ರಾಹಕ ಮೊದಲು ತನ್ನ ಖಾತೆಗೆ ಹಣ ತುಂಬುತ್ತಾನೆ. ಆರ್ಡರ್ ಹಾಕಿದ ದಿನವೇ ದಲ್ಲಾಳಿ ಶುಲ್ಕ ಕಡಿತವಾಗುತ್ತದೆ. ಉದ್ದರಿ ಇಲ್ಲ, ಬಾಕಿ ವಸೂಲಿ ಇಲ್ಲ, ಗೋದಾಮಿನಲ್ಲಿ ಸರಕು ಕೊಳೆಯುವ ಭಯವಿಲ್ಲ. ಎಕ್ಸ್‌ಚೇಂಜಿನಲ್ಲಿ ಠೇವಣಿ ಇಡಬೇಕು, ಪರವಾನಗಿ ಬೇಕು, ಸಾಫ್ಟ್‌ವೇರ್ ಬೇಕು, ನಿಜ. ಆದರೆ ಒಮ್ಮೆ ಅಷ್ಟು ಹೊಂದಿಸಿಕೊಂಡರೆ ಸಾವಿರದೊಂದನೆಯ ಗ್ರಾಹಕನನ್ನು ನೋಡಿಕೊಳ್ಳಲು ಹೆಚ್ಚುವರಿ ಖರ್ಚು ಬಹಳ ಕಡಿಮೆ. ಇಂದಿನ ಗ್ರಾಹಕ ಕೊಟ್ಟ ದುಡ್ಡಿನಲ್ಲಿ ನಾಳೆಯ ಗ್ರಾಹಕನಿಗೆ ಬೇಕಾದದ್ದನ್ನು ಕಟ್ಟಬಹುದು.

ಹಾಗೆ ಕಟ್ಟಿದ್ದರಿಂದ ಖರ್ಚಿನ ರೀತಿಯೂ ಬೇರೆಯಾಯಿತು. ಜಾಹೀರಾತಿಗೆ ಕಂಪನಿ ದುಡ್ಡು ಸುರಿಯಲಿಲ್ಲ. ತಂತ್ರಜ್ಞಾನ ತಂಡವನ್ನು ಕೆಲವೇ ಡಜನ್ ಮಂದಿಗೆ ಸೀಮಿತವಾಗಿ ಇಟ್ಟುಕೊಂಡಿತು. ದುಬಾರಿ ಸಾಫ್ಟ್‌ವೇರ್ ಕೊಳ್ಳುವ ಬದಲು ಮುಕ್ತ ತಂತ್ರಾಂಶಗಳನ್ನು ಆಧರಿಸಿ ಸ್ವಂತದ್ದನ್ನು ಬರೆದುಕೊಂಡಿತು. ವಹಿವಾಟಿನ ಆ್ಯಪ್ ಕೈಟ್ ಬಂದದ್ದು 2015ರಲ್ಲಿ, ಅಂದರೆ ಕಂಪನಿಗೆ ಐದು ವರ್ಷ ತುಂಬಿದ ಮೇಲೆ. ಅದೇ ವರ್ಷದ ಕೊನೆಗೆ, ಷೇರು ಕೊಂಡು ಇಟ್ಟುಕೊಳ್ಳುವವರಿಗೆ ದಲ್ಲಾಳಿ ಶುಲ್ಕವನ್ನು ಪೂರ್ತಿ ತೆಗೆದುಹಾಕಿತು. ಆ ಉಚಿತ ಸೇವೆಯ ಖರ್ಚನ್ನು ಹೊತ್ತದ್ದು ಫ್ಯೂಚರ್ಸ್, ಆಪ್ಷನ್ಸ್ ಮತ್ತು ದಿನದ ವಹಿವಾಟು ನಡೆಸುವವರ 20 ರೂಪಾಯಿಗಳು.

ಆದಾಯವೇ ಇಲ್ಲದ ವರ್ಷಗಳು

ಗ್ರೋ ಸ್ಥಾಪಿಸಿದ್ದು 2016ರಲ್ಲಿ, ಫ್ಲಿಪ್‌ಕಾರ್ಟಿನಲ್ಲಿ ದುಡಿದಿದ್ದ ನಾಲ್ವರು: ಲಲಿತ್ ಕೇಶ್ರೆ, ಹರ್ಷ್ ಜೈನ್, ನೀರಜ್ ಸಿಂಗ್ ಮತ್ತು ಇಶಾನ್ ಬನ್ಸಲ್. ಅವರ ಕಣ್ಣಿದ್ದದ್ದು ಆಗಲೇ ವಹಿವಾಟು ನಡೆಸುತ್ತಿದ್ದವರ ಮೇಲಲ್ಲ. ಷೇರುಪೇಟೆಯ ಕಡೆ ತಲೆಯನ್ನೇ ಹಾಕದ, ಬ್ಯಾಂಕಿನ ಎಫ್‌ಡಿ ಬಿಟ್ಟರೆ ಬೇರೆ ಗೊತ್ತಿಲ್ಲದ ಯುವಜನರ ಮೇಲೆ. ಅಂಥವರನ್ನು ಕರೆತರಲು ಮ್ಯೂಚುವಲ್ ಫಂಡಿನ ಡೈರೆಕ್ಟ್ ಯೋಜನೆಗಳನ್ನು ಉಚಿತವಾಗಿ ಕೊಟ್ಟರು. ಡೈರೆಕ್ಟ್ ಯೋಜನೆಯ ಸ್ವರೂಪವೇ ಹಾಗೆ, ಅದರಲ್ಲಿ ಮಧ್ಯವರ್ತಿಗೆ ಕಮಿಷನ್ ಇರುವುದಿಲ್ಲ. ಹೂಡಿಕೆದಾರನಿಗೆ ಅದು ಲಾಭ. ಆ್ಯಪ್ ನಡೆಸುವವರಿಗೆ ಮಾತ್ರ ಗ್ರಾಹಕರು ಹೆಚ್ಚಾದಷ್ಟೂ ಖರ್ಚು ಹೆಚ್ಚು, ಆದಾಯ ಸೊನ್ನೆ.

ಇಂಥ ವ್ಯಾಪಾರವನ್ನು ಗ್ರಾಹಕರ ದುಡ್ಡಿನಲ್ಲಿ ಕಟ್ಟಲಾಗದು, ಏಕೆಂದರೆ ಗ್ರಾಹಕ ದುಡ್ಡು ಕೊಡುವುದೇ ಇಲ್ಲ. ಬ್ಯಾಂಕು ಸಾಲ ಕೊಡದು, ಏಕೆಂದರೆ ಮುಂದಿನ ತಿಂಗಳ ಕಂತು ಕಟ್ಟಲು ಆದಾಯವಿಲ್ಲ, ಅಡವಿಡಲು ಆಸ್ತಿಯಿಲ್ಲ. ಈ ಮಧ್ಯದ ವರ್ಷಗಳನ್ನು ದಾಟಿಸಿದ್ದು ವೆಂಚರ್ ಕ್ಯಾಪಿಟಲ್. 2020ರಲ್ಲಿ ಗ್ರೋ ಷೇರು ವಹಿವಾಟು ಆರಂಭಿಸಿದಾಗ, ಮ್ಯೂಚುವಲ್ ಫಂಡಿಗೆಂದು ಬಂದ ಲಕ್ಷಾಂತರ ಜನ ಆಗಲೇ ಆ್ಯಪಿನೊಳಗಿದ್ದರು. ಲಾಕ್‌ಡೌನಿನಲ್ಲಿ ಮನೆಯಲ್ಲಿ ಕುಳಿತ ದೇಶ ಡಿಮ್ಯಾಟ್ ಖಾತೆ ತೆರೆಯಲು ಮುಗಿಬಿದ್ದದ್ದೂ ಆಗಲೇ. ಆ ಅಲೆ ಝೆರೋಧಾಕ್ಕೂ ಸಿಕ್ಕಿತು. ಆದರೆ ಜಾಹೀರಾತಿಗೆ ಖರ್ಚು ಮಾಡಲು ಹೂಡಿಕೆದಾರರ ಹಣ ಕೈಯಲ್ಲಿದ್ದ ಗ್ರೋ ಹೆಚ್ಚು ವೇಗವಾಗಿ ಓಡಿತು. 2023ರ ಪಟ್ಟಿ ಆ ಓಟದ ಫಲ.

ಝೆರೋಧಾ ಕೂಡ ಮ್ಯೂಚುವಲ್ ಫಂಡಿನ ಡೈರೆಕ್ಟ್ ಯೋಜನೆಗಳನ್ನು ಕಾಯಿನ್ ಎಂಬ ಹೆಸರಿನಲ್ಲಿ ಉಚಿತವಾಗಿ ಕೊಡುತ್ತದೆ ಎಂಬುದನ್ನು ಇಲ್ಲಿ ಗಮನಿಸಬೇಕು. ಕೊಡುವ ಸೇವೆ ಒಂದೇ, ಕ್ರಮ ಮಾತ್ರ ಉಲ್ಟಾ. ಒಬ್ಬರು ಮೊದಲು ಗಳಿಸಿ ಆಮೇಲೆ ಉಚಿತವಾಗಿ ಕೊಟ್ಟರು. ಇನ್ನೊಬ್ಬರು ಮೊದಲು ಉಚಿತವಾಗಿ ಕೊಟ್ಟು ಆಮೇಲೆ ಗಳಿಸಿದರು. ಆ ನಡುವಿನ ಅಂತರವನ್ನು ತುಂಬುವ ಹಣಕ್ಕೆ ಅದರದೇ ಆದ ಬೆಲೆಯಿದೆ.

ಹೂಡಿಕೆದಾರನ ಮೇಲೂ ಹೂಡಿಕೆದಾರ

ಆ ಬೆಲೆ ತಿಳಿಯಬೇಕಾದರೆ ವೆಂಚರ್ ಕ್ಯಾಪಿಟಲ್ ಸಂಸ್ಥೆಯ ಒಳಗಿನ ಲೆಕ್ಕ ನೋಡಬೇಕು. ಅವರು ಹೂಡುವುದು ಬಹುಪಾಲು ಸ್ವಂತ ದುಡ್ಡಲ್ಲ. ಪಿಂಚಣಿ ನಿಧಿಗಳು, ವಿಶ್ವವಿದ್ಯಾಲಯಗಳ ದತ್ತಿ ನಿಧಿಗಳು, ಸಿರಿವಂತ ಕುಟುಂಬಗಳು ಇಂಥವರಿಂದ ಹಣ ಕೂಡಿಸಿ ಒಂದು ಫಂಡ್ ಕಟ್ಟುತ್ತಾರೆ. ಅದಕ್ಕೆ ಸಾಮಾನ್ಯವಾಗಿ ಹತ್ತು ವರ್ಷದ ಆಯುಸ್ಸು. ನಿರ್ವಹಣೆಗೆಂದು ವರ್ಷಕ್ಕೆ ಶೇ 2ರಷ್ಟು ಶುಲ್ಕ, ಲಾಭ ಬಂದರೆ ಅದರಲ್ಲಿ ಶೇ 20ರಷ್ಟು ಪಾಲು, ಇದು ರೂಢಿಯಲ್ಲಿರುವ ಒಪ್ಪಂದ. ಹತ್ತು ವರ್ಷ ಮುಗಿಯುವಷ್ಟರಲ್ಲಿ ಷೇರುಗಳನ್ನೆಲ್ಲ ಮಾರಿ ಹಣ ಹಿಂತಿರುಗಿಸಬೇಕು.

ಒಂದು ಕಾಲ್ಪನಿಕ ಫಂಡ್ ಇಟ್ಟುಕೊಂಡು ಲೆಕ್ಕ ಹಾಕೋಣ. ಗಾತ್ರ 1,000 ಕೋಟಿ. ಶುಲ್ಕ ಕಳೆದು ಹೂಡಲು ಸುಮಾರು 800 ಕೋಟಿ ಉಳಿಯುತ್ತದೆ. 25 ಕಂಪನಿಗಳಿಗೆ ಹಂಚಿದರೆ ತಲಾ 32 ಕೋಟಿ. ಹಣ ಕೊಟ್ಟವರು ಹತ್ತು ವರ್ಷ ಕಾಯಬೇಕು, ಎಫ್‌ಡಿಯಲ್ಲಿಟ್ಟರೂ ಅಷ್ಟರಲ್ಲಿ ಹೆಚ್ಚುಕಡಿಮೆ ಎರಡು ಪಟ್ಟಾಗುತ್ತದೆ. ಆದ್ದರಿಂದ ಅವರು ಕನಿಷ್ಠ ಮೂರು ಪಟ್ಟು ಬಯಸುತ್ತಾರೆ, ಅಂದರೆ 3,000 ಕೋಟಿ. ಆದರೆ 25 ಹೊಸ ಕಂಪನಿಗಳಲ್ಲಿ ಅರ್ಧದಷ್ಟು ಮುಳುಗುವುದು ಅಥವಾ ಹಾಕಿದ್ದಕ್ಕಿಂತ ಕಡಿಮೆ ಕೊಡುವುದು ಮಾಮೂಲು. ಇನ್ನು ಕೆಲವು ಅಸಲು ಹಿಂತಿರುಗಿಸಿದರೆ ದೊಡ್ಡದು. ಉಳಿದ ಇಡೀ ಭಾರ ಎರಡು-ಮೂರು ಕಂಪನಿಗಳ ಮೇಲೆ. ಅಂಥ ಒಂದು ಕಂಪನಿಯಲ್ಲಿ ಫಂಡಿಗೆ ಕೊನೆಗೆ ಶೇ 15 ಪಾಲು ಉಳಿದಿದ್ದರೆ, ಅದರಿಂದ 1,000 ಕೋಟಿ ಬರಲು ಕಂಪನಿಯ ಬೆಲೆ 6,600 ಕೋಟಿ ದಾಟಬೇಕು.

ಈ ಲೆಕ್ಕದ ಮುಂದೆ, ವರ್ಷಕ್ಕೆ ಐದು ಕೋಟಿ ಲಾಭ ಮಾಡುತ್ತ ನೆಮ್ಮದಿಯಿಂದ ಬೆಳೆಯುವ ಕಂಪನಿಗೆ ಜಾಗವಿಲ್ಲ. ಸ್ಥಾಪಕನಿಗೆ ಅದು ತಲೆಮಾರಿಗಾಗುವಷ್ಟು ಸಂಪತ್ತು. ಫಂಡಿಗೆ ಅದು ಸೋತ ಹೂಡಿಕೆಗೆ ಸಮ. ಹೀಗಾಗಿ ಹೂಡಿಕೆದಾರರ ಪ್ರತಿನಿಧಿ ನಿರ್ದೇಶಕ ಮಂಡಳಿಯಲ್ಲಿ ಕುಳಿತು ‘ಇನ್ನೂ ನಾಲ್ಕು ನಗರಕ್ಕೆ ಹೋಗಿ’ ಎಂದು ಒತ್ತಾಯಿಸುವುದು ಅವರ ದುರಾಸೆಯಿಂದಲ್ಲ, ಫಂಡಿನ ಗಣಿತದಿಂದ.

ಕೊನೆಯಲ್ಲಿ ಹೊರಬರುವ ದಾರಿ, ಅಂದರೆ ಎಕ್ಸಿಟ್, ಹೇಗಿರುತ್ತದೆ ಎಂಬುದನ್ನೂ ಗ್ರೋ ತೋರಿಸಿಕೊಟ್ಟಿತು. 2025ರ ನವೆಂಬರ್‌ನಲ್ಲಿ ಅದು 100 ರೂಪಾಯಿ ದರದಲ್ಲಿ ಸಾರ್ವಜನಿಕರಿಗೆ ಷೇರು ಮಾರಿತು. ಐಪಿಒ ಮೊತ್ತ ಸುಮಾರು 6,632 ಕೋಟಿ. ಅದರಲ್ಲಿ ಕಂಪನಿಯ ಖಜಾನೆಗೆ ಹೋಗುವ ಹೊಸ ಷೇರುಗಳ ಪಾಲು 1,060 ಕೋಟಿ ಮಾತ್ರ. ಉಳಿದದ್ದು ಹಳೆಯ ಷೇರುದಾರರು, ಮುಖ್ಯವಾಗಿ ವೆಂಚರ್ ಫಂಡ್‌ಗಳು, ತಮ್ಮ ಷೇರು ಮಾರಿ ಪಡೆದ ಹಣ.

ಇನ್ನು ಆ 805 ಕೋಟಿ ನಷ್ಟ. ಗ್ರೋದ ಮಾತೃಸಂಸ್ಥೆ ನೋಂದಣಿಯಾಗಿದ್ದದ್ದು ಅಮೆರಿಕದ ಡೆಲವೇರ್ ರಾಜ್ಯದಲ್ಲಿ. ವಿದೇಶಿ ಹೂಡಿಕೆದಾರರಿಗೆ ಅಲ್ಲಿನ ಕಾನೂನು ಪರಿಚಿತವಾದ್ದರಿಂದ ಅನೇಕ ಭಾರತೀಯ ಸ್ಟಾರ್ಟ್‌ಅಪ್‌ಗಳು ಹೀಗೆ ಮಾಡುತ್ತವೆ. ಭಾರತದಲ್ಲಿ ಐಪಿಒ ಮಾಡಬೇಕೆಂದರೆ ಕಂಪನಿಯ ವಿಳಾಸವನ್ನು ಇಲ್ಲಿಗೆ ತರಬೇಕು, ತರುವಾಗ ಬೆಳೆದ ಮೌಲ್ಯದ ಮೇಲೆ ಅಮೆರಿಕಕ್ಕೆ ತೆರಿಗೆ ಕಟ್ಟಬೇಕು. ಗ್ರೋ ಹಾಗೆ ಕಟ್ಟಿದ್ದು ಸುಮಾರು 1,340 ಕೋಟಿ ರೂಪಾಯಿ. ಅದನ್ನು ಬಿಟ್ಟರೆ ಆ ವರ್ಷ ವ್ಯಾಪಾರದಲ್ಲಿ ಲಾಭವೇ ಇತ್ತು.

ಸಹಿ ಹಾಕುವ ಮುನ್ನ ಓದಬೇಕಾದ ಸಾಲು

ಹೊರಗಿನ ಹಣ ಎಂದರೆ ಪಾಲು ಕೊಡುವುದು ಎಂದಷ್ಟೇ ಬಹುತೇಕರು ತಿಳಿದಿರುತ್ತಾರೆ. ಆದರೆ ಪಾಲಿಗಿಂತ ಹೆಚ್ಚು ತೂಕದ ಸಾಲೊಂದು ಒಪ್ಪಂದದ ಕರಡಿನಲ್ಲಿ ಇರುತ್ತದೆ: ಲಿಕ್ವಿಡೇಷನ್ ಪ್ರಿಫರೆನ್ಸ್. ಭಾರತದಲ್ಲಿ ವೆಂಚರ್ ಫಂಡ್‌ಗಳು ಸಾಮಾನ್ಯವಾಗಿ ಪಡೆಯುವುದು ಸ್ಥಾಪಕರ ಬಳಿ ಇರುವಂಥ ಈಕ್ವಿಟಿ ಷೇರನ್ನಲ್ಲ, ಮುಂದೆ ಈಕ್ವಿಟಿಯಾಗಿ ಬದಲಾಗುವ ಆದ್ಯತಾ ಷೇರನ್ನು. ಕಂಪನಿ ಮಾರಾಟವಾದರೆ ಮೊದಲು ಹಣ ಎಣಿಸಿಕೊಳ್ಳುವವರು ಆದ್ಯತಾ ಷೇರಿನವರು. ಉಳಿದರೆ ಮಿಕ್ಕವರಿಗೆ.

ಇದನ್ನೂ ಅಂಕಿಯಲ್ಲೇ ನೋಡಬೇಕು. ಒಂದು ಕಂಪನಿಗೆ ಹೂಡಿಕೆದಾರರು ಒಟ್ಟು 60 ಕೋಟಿ ಹಾಕಿದ್ದಾರೆ, ಶೇ 60 ಪಾಲು ಪಡೆದಿದ್ದಾರೆ ಎನ್ನೋಣ. ಸ್ಥಾಪಕರದು ಶೇ 30, ಉದ್ಯೋಗಿಗಳದು ಶೇ 10. ಕಂಪನಿ 70 ಕೋಟಿಗೆ ಮಾರಾಟವಾಯಿತು. ಸ್ಥಾಪಕರಿಗೆ ಶೇ 30ರಂತೆ 21 ಕೋಟಿ ಬರಬೇಕು ಎನಿಸುತ್ತದೆ. ಬರುವುದಿಲ್ಲ. ಹೂಡಿಕೆದಾರರಿಗೆ ಎರಡು ಆಯ್ಕೆ: ಹಾಕಿದ 60 ಕೋಟಿಯನ್ನು ಹಿಂಪಡೆಯುವುದು, ಇಲ್ಲವೇ ಪಾಲಿನ ಪ್ರಕಾರ 42 ಕೋಟಿ ಪಡೆಯುವುದು. ಅವರು 60 ಕೋಟಿಯನ್ನೇ ಎತ್ತಿಕೊಳ್ಳುತ್ತಾರೆ. ಉಳಿದ 10 ಕೋಟಿಯಲ್ಲಿ ಸ್ಥಾಪಕರಿಗೆ ಏಳೂವರೆ, ಉದ್ಯೋಗಿಗಳಿಗೆ ಎರಡೂವರೆ. ಒಪ್ಪಂದದಲ್ಲಿ ‘ಪಾರ್ಟಿಸಿಪೇಟಿಂಗ್’ ಎಂಬ ಒಂದು ಪದ ಸೇರಿದ್ದರೆ, ಹೂಡಿಕೆದಾರರು 60 ಕೋಟಿ ಪಡೆದ ಮೇಲೂ ಉಳಿದ ಹತ್ತರಲ್ಲಿ ಶೇ 60 ಕೇಳುತ್ತಾರೆ. ಸ್ಥಾಪಕರ ಕೈಗೆ ಬರುವುದು ಮೂರು ಕೋಟಿ. ಮಾರಾಟದ ಬೆಲೆ 50 ಕೋಟಿಯಾದರೆ ಎರಡೂ ಬಗೆಯಲ್ಲಿ ಸ್ಥಾಪಕರಿಗೆ ಸೊನ್ನೆ.

ಇದು ಕಾಗದದ ಮೇಲಿನ ಭಯವಲ್ಲ. ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ಹುಟ್ಟಿ ಅಮೆರಿಕದಲ್ಲಿ ಬೆಳೆದ ಫ್ಯಾಂಟಸಿ ಕ್ರೀಡಾ ಕಂಪನಿ ಫ್ಯಾನ್‌ಡ್ಯೂಯೆಲ್ 2018ರಲ್ಲಿ ಪ್ಯಾಡಿ ಪವರ್ ಬೆಟ್‌ಫೇರ್ ತೆಕ್ಕೆಗೆ ಹೋದಾಗ ಅದಕ್ಕೆ ಕಟ್ಟಿದ ಬೆಲೆ 46.5 ಕೋಟಿ ಡಾಲರ್. ಆದ್ಯತಾ ಷೇರುದಾರರಿಗೆ ಮೊದಲು ಸಲ್ಲಬೇಕಿದ್ದ ಮೊತ್ತ ಸುಮಾರು 55.9 ಕೋಟಿ ಡಾಲರ್. ಕಂಪನಿ ಕಟ್ಟಿದ ಸ್ಥಾಪಕರಿಗೂ, ಷೇರು ಹೊಂದಿದ್ದ ಸಾಮಾನ್ಯ ಉದ್ಯೋಗಿಗಳಿಗೂ ಏನೂ ಉಳಿಯಲಿಲ್ಲ. ಬೆಲೆಯನ್ನು ಬೇಕೆಂದೇ ಕಡಿಮೆ ಕಟ್ಟಲಾಗಿದೆ ಎಂದು ಸ್ಥಾಪಕರು ನ್ಯಾಯಾಲಯದ ಮೆಟ್ಟಿಲೇರಿದರು.

ಲಾಭವಿದ್ದೂ ಕೈ ಖಾಲಿ

ಹಾಗೆಂದು ಸ್ವಂತ ಬಂಡವಾಳದ ಹಾದಿ ಸಲೀಸು ಎಂದುಕೊಳ್ಳುವಂತಿಲ್ಲ. ಝೆರೋಧಾದ ಕಥೆ ಕೇಳಿ ಹುರುಪುಗೊಂಡವರು ಮರೆಯುವ ಸಂಗತಿ, ಅಲ್ಲಿ ಗ್ರಾಹಕನ ದುಡ್ಡು ಮೊದಲು ಬರುತ್ತದೆ ಎಂಬುದು. ಬಹಳಷ್ಟು ವ್ಯಾಪಾರಗಳಲ್ಲಿ ಅದು ಕೊನೆಗೆ ಬರುತ್ತದೆ.

ಹುಬ್ಬಳ್ಳಿಯಲ್ಲಿ ಕುರುಕಲು ತಿಂಡಿ ತಯಾರಿಸಿ ದೊಡ್ಡ ಮಳಿಗೆಗಳಿಗೆ ಕೊಡುವ ಒಂದು ಘಟಕವನ್ನು ಊಹಿಸಿಕೊಳ್ಳಿ. ತಿಂಗಳಿಗೆ 10 ಲಕ್ಷದ ಮಾರಾಟ. ಹಿಟ್ಟು, ಎಣ್ಣೆ, ಕೂಲಿ, ಬಾಡಿಗೆ ಸೇರಿ ಎಂಟೂವರೆ ಲಕ್ಷ ಖರ್ಚು. ಒಂದೂವರೆ ಲಕ್ಷ ಲಾಭ. ಎಣ್ಣೆ ವ್ಯಾಪಾರಿಗೆ ನಗದು ಕೊಡಬೇಕು, ಕೂಲಿ ವಾರಕ್ಕೊಮ್ಮೆ. ಮಳಿಗೆಯವರು ಮಾತ್ರ ಬಿಲ್ ಕೊಟ್ಟ 60 ದಿನಕ್ಕೆ ಹಣ ಹಾಕುತ್ತಾರೆ. ಅಂದರೆ ಎರಡು ತಿಂಗಳ ಖರ್ಚು, 17 ಲಕ್ಷ, ಯಾವಾಗಲೂ ಬೇರೆಯವರ ಕೈಯಲ್ಲಿ ಸಿಕ್ಕಿಬಿದ್ದಿರುತ್ತದೆ. ಈಗ ಮಳಿಗೆಯವರು ಆರ್ಡರನ್ನು ಎರಡು ಪಟ್ಟು ಮಾಡಿದರು. ಮನೆಯವರೆಲ್ಲ ಸಿಹಿ ಹಂಚುತ್ತಾರೆ. ಆದರೆ ಹೆಚ್ಚಿದ ಮಾಲು ತಯಾರಿಸಲು ಇನ್ನೂ 17 ಲಕ್ಷ ಬೇಕು, ಅದು ಹಳೆಯ ಲಾಭದ ಲೆಕ್ಕದಲ್ಲಿ ಹನ್ನೊಂದು ತಿಂಗಳಿಗೂ ಹೆಚ್ಚಿನ ಗಳಿಕೆ. ಎಷ್ಟೋ ಸಣ್ಣ ಉದ್ಯಮಗಳು ನಷ್ಟದಿಂದಲ್ಲ, ಹೀಗೆ ಬಂದ ಬೆಳವಣಿಗೆಯಿಂದಲೇ ಮುಗ್ಗರಿಸುತ್ತವೆ.

ರೋಗದ ಲಕ್ಷಣ ಪತ್ತೆ ಮಾಡುವುದು ಕಷ್ಟವಲ್ಲ. ಲೆಕ್ಕಪತ್ರದಲ್ಲಿ ಲಾಭ ಏರುತ್ತಿದೆ, ಅದೇ ವೇಳೆಗೆ ಬ್ಯಾಂಕಿನ ಓವರ್‌ಡ್ರಾಫ್ಟ್ ಕೂಡ ಏರುತ್ತಿದೆ. ಜಿಎಸ್‌ಟಿ ಕಟ್ಟಲು ಕೈಗಡ ಮಾಡಬೇಕಾಗಿದೆ. ಸಂಬಳದ ದಿನ ಯಾರ ಬಾಕಿ ಬಂತು ಎಂದು ಮಾಲೀಕ ಫೋನ್ ನೋಡುತ್ತ ಕೂರುತ್ತಾನೆ. ಇದಕ್ಕೆ ವೆಂಚರ್ ಕ್ಯಾಪಿಟಲ್ ಮದ್ದಲ್ಲ, ಆ ಫಂಡ್‌ಗಳು ಇಂಥ ಘಟಕದ ಕಡೆ ತಿರುಗಿಯೂ ನೋಡುವುದಿಲ್ಲ. ಬೇಕಾದದ್ದು ಬ್ಯಾಂಕಿನ ಕ್ಯಾಶ್ ಕ್ರೆಡಿಟ್, ಗ್ರಾಹಕರಿಂದ ಮುಂಗಡ, ಉದ್ದರಿ ದಿನಗಳ ಕಡಿತ. ಕಿರು ಮತ್ತು ಸಣ್ಣ ತಯಾರಕರಿಗೆ ಲಿಖಿತ ಒಪ್ಪಂದವಿದ್ದರೂ 45 ದಿನದೊಳಗೆ ಹಣ ಕೊಡಬೇಕೆಂದು ಎಂಎಸ್‌ಎಂಇಡಿ ಕಾಯ್ದೆ ಹೇಳುತ್ತದೆ. ಗಡುವು ಮೀರಿದ ಬಾಕಿಯನ್ನು ಕೊಡುವವರೆಗೂ ಖರೀದಿದಾರ ತನ್ನ ಆದಾಯ ತೆರಿಗೆ ಲೆಕ್ಕದಲ್ಲಿ ಖರ್ಚೆಂದು ತೋರಿಸುವಂತಿಲ್ಲ ಎಂಬ ನಿಯಮವೂ ಈಗ ಜಾರಿಯಲ್ಲಿದೆ. ಉದ್ಯಮ್ ನೋಂದಣಿ ಮಾಡಿಸಿಕೊಂಡು, ಆ ಸಂಖ್ಯೆಯನ್ನು ಪ್ರತಿ ಬಿಲ್ಲಿನ ಮೇಲೆ ಅಚ್ಚು ಹಾಕಿಸಿದರೆ ಈ ನಿಯಮದ ಬಲ ಸಿಗುತ್ತದೆ.

ಯಶಸ್ವಿಯಾದ ಸ್ವಂತ ಬಂಡವಾಳದ ಕಂಪನಿಗೂ ಅಪಾಯ ತಪ್ಪಿದ್ದಲ್ಲ. ಝೆರೋಧಾದ ಆದಾಯದ ದೊಡ್ಡ ಪಾಲು ಬರುವುದು ಫ್ಯೂಚರ್ಸ್ ಮತ್ತು ಆಪ್ಷನ್ಸ್ ವಹಿವಾಟಿನಿಂದ. ಎಕ್ಸ್‌ಚೇಂಜ್‌ಗಳು ದೊಡ್ಡ ಬ್ರೋಕರ್‌ಗಳಿಗೆ ಕೊಡುತ್ತಿದ್ದ ಶುಲ್ಕ ರಿಯಾಯಿತಿಯನ್ನು ಸೆಬಿ 2024ರ ಅಕ್ಟೋಬರ್‌ನಿಂದ ನಿಲ್ಲಿಸಿತು, ಬೆನ್ನಿಗೇ ಆಪ್ಷನ್ಸ್ ನಿಯಮಗಳನ್ನು ಬಿಗಿ ಮಾಡಿತು. ಆದಾಯಕ್ಕೆ ಪೆಟ್ಟು ಬೀಳುತ್ತದೆ ಎಂದು ಕಾಮತ್ ಮೊದಲೇ ಬಹಿರಂಗವಾಗಿ ಹೇಳಿದ್ದರು. ವೆಂಚರ್ ಹಣವಿದ್ದ ಕಂಪನಿಯಾಗಿದ್ದರೆ ಅಂಥ ಮಾತು ಮುಂದಿನ ಸುತ್ತಿನ ಮೌಲ್ಯವನ್ನೇ ಕುಗ್ಗಿಸುತ್ತಿತ್ತು. ಇಲ್ಲಿ ಉತ್ತರ ಕೊಡಬೇಕಾದ ಹೊರಗಿನ ಹೂಡಿಕೆದಾರ ಇರಲಿಲ್ಲ, ಕೂಡಿಟ್ಟ ಲಾಭವೂ ಇತ್ತು.

ಒಮ್ಮೆ ಹೊರಗಿನ ಹಣ ಪಡೆದ ಮೇಲೆ ಹಿಂದಿರುಗುವ ದಾರಿ ಪೂರ್ತಿ ಮುಚ್ಚಿರುವುದಿಲ್ಲ, ಆದರೆ ದುಬಾರಿ. ಅಮೆರಿಕದ ಬಾಸ್ಟನ್ ಬಳಿಯ ವಿಡಿಯೊ ಸಾಫ್ಟ್‌ವೇರ್ ಕಂಪನಿ ವಿಸ್ಟಿಯಾ ಅದನ್ನು ಮಾಡಿ ನೋಡಿತು. ಕಂಪನಿಯನ್ನು ಮಾರುವ ಪ್ರಸ್ತಾಪ ಮುಂದೆ ಬಂದಾಗ ಸ್ಥಾಪಕರಿಬ್ಬರೂ ಮಾರದಿರಲು ತೀರ್ಮಾನಿಸಿ, 1.73 ಕೋಟಿ ಡಾಲರ್ ಸಾಲ ತಂದು ಹೂಡಿಕೆದಾರರ ಷೇರುಗಳನ್ನು ಕೊಂಡುಕೊಂಡರು. ಅಲ್ಲಿಂದಾಚೆ ಅವರಿಗೆ ಬೆಳವಣಿಗೆಯ ಗುರಿ ಕೊಡುವವರು ಯಾರೂ ಇರಲಿಲ್ಲ. ಸಾಲದ ಬಡ್ಡಿ ಕಟ್ಟಲು ವರ್ಷವರ್ಷವೂ ಲಾಭ ಮಾತ್ರ ಮಾಡಲೇಬೇಕಿತ್ತು.